ಗ್ರಾಹಕ ಯಾರು, ಸೇವಾ ನ್ಯೂನತೆ ಯಾವುದು? ಒಂದು ಅಂಕದ ಪ್ರಶ್ನೆಗಳಲ್ಲಿ ಗೊಂದಲ

ತುಮಕೂರಿನ ಅಶ್ವಿನಿ

ಎಲ್ಲರಿಗೂ ನಮಸ್ಕಾರ. ಕಾನೂನು ಕೊನೇ ವರ್ಷ ಓದುತ್ತಾ ಪರೀಕ್ಷೆಗಳಿಗೂ ತಯಾರಿ ಮಾಡುತ್ತಿದ್ದೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ ವಸ್ತುನಿಷ್ಠ ಪ್ರಶ್ನೆಗಳಲ್ಲಿ ಪದೇ ಪದೇ ಎರಡೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ. ನಾಲ್ಕು ಪ್ರಶ್ನೆ ಹಾಕಿದ್ದೇನೆ. ಕೀ ಉತ್ತರ ಇದೆ, ಕಾರಣ ಕೊಟ್ಟಿಲ್ಲ.

ಪ್ರಶ್ನೆ 1. ಹೊಲಿಗೆ ಕೆಲಸ ಮಾಡುವ ಮಹಿಳೆ ಜೀವನೋಪಾಯಕ್ಕಾಗಿ ಕಸೂತಿ ಯಂತ್ರ ಕೊಳ್ಳುತ್ತಾಳೆ. ತಾನೇ ನಡೆಸುತ್ತಾಳೆ, ಸಹಾಯಕ್ಕೆ ಒಬ್ಬಳು ಹುಡುಗಿ ಇದ್ದಾಳೆ. ಯಂತ್ರ ಕೆಟ್ಟಿದೆ. ಆಕೆ,
ಎ) ಗ್ರಾಹಕಳಲ್ಲ, ಉದ್ದೇಶ ವಾಣಿಜ್ಯ
ಬಿ) ಗ್ರಾಹಕಳು
ಸಿ) ಸಹಾಯಕಿ ಇಲ್ಲದಿದ್ದರೆ ಮಾತ್ರ ಗ್ರಾಹಕಳು
ಡಿ) ಪೂರ್ತಿ ಹಣ ಕೊಟ್ಟಿದ್ದರೆ ಮಾತ್ರ ಗ್ರಾಹಕಳು
ಕೀ: ಬಿ

ಪ್ರಶ್ನೆ 2. ಅಣ್ಣ ಕೊಂಡು ತಂಗಿಗೆ ಕೊಟ್ಟ ಮಿಕ್ಸಿ ಸಿಡಿದು ತಂಗಿಗೆ ಗಾಯ. ತಂಗಿ ಗ್ರಾಹಕಳೇ? ಕೀ: ಹೌದು

ಪ್ರಶ್ನೆ 3. ರಿಸರ್ವೇಶನ್ ಇರುವ ಪ್ರಯಾಣಿಕ ಸೊಂಟದ ಬೆಲ್ಟಿನಲ್ಲಿ ಕಟ್ಟಿಕೊಂಡಿದ್ದ ಹಣ ರೈಲಿನಲ್ಲಿ ಕಳವಾಗಿದೆ. ಇದು,
ಎ) ಸೇವಾ ನ್ಯೂನತೆ
ಬಿ) ಆತ ಗ್ರಾಹಕ, ಆದರೆ ನ್ಯೂನತೆ ಅಲ್ಲ
ಸಿ) ಆತ ಗ್ರಾಹಕನೇ ಅಲ್ಲ
ಡಿ) ರೈಲ್ವೆ ಈ ಕಾಯ್ದೆಗೆ ಬರುವುದಿಲ್ಲ
ಕೀ: ಬಿ

ಪ್ರಶ್ನೆ 4. ಸೇವಾ ನ್ಯೂನತೆಯ ವ್ಯಾಖ್ಯೆಗೆ ಸೇರದಿರುವುದು ಯಾವುದು?
ಎ) ನಿರ್ಲಕ್ಷ್ಯ
ಬಿ) ಬೇಕೆಂದೇ ಮಾಹಿತಿ ಮುಚ್ಚಿಡುವುದು
ಸಿ) ಕೆಲಸ ಮಾಡಿದ ರೀತಿಯಲ್ಲಿ ಕೊರತೆ
ಡಿ) ವಸ್ತುವಿನ ತಯಾರಿಕೆಯಲ್ಲಿ ದೋಷ
ಕೀ: ಡಿ

1 ಮತ್ತು 3 ನನಗೆ ಅರ್ಥವಾಗುತ್ತಿಲ್ಲ. ಹೊಲಿಗೆ ಅಂಗಡಿ ಅಂದರೆ ವ್ಯಾಪಾರ ತಾನೇ? ಹಣ ಕೊಟ್ಟು ಟಿಕೆಟ್ ತಗೊಂಡವನ ದುಡ್ಡು ಹೋದರೆ ನ್ಯೂನತೆ ಯಾಕಲ್ಲ?

ಮೂರನೇ ಬೆಂಚ್

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಕೋಚಿಂಗ್‌ನಲ್ಲಿ ಹೇಳಿಕೊಟ್ಟ ಸೂತ್ರ ಇದು: ದುಡ್ಡು ಕೊಟ್ಟವನು ಗ್ರಾಹಕ, ಲಾಭಕ್ಕೆ ತಗೊಂಡವನು ಅಲ್ಲ. ಒಂದನೇ ಪ್ರಶ್ನೆಯ ಕೀ ತಪ್ಪಿರಬೇಕು. ಸಂಪಾದನೆ ಮಾಡುತ್ತಿದ್ದಾಳೆ ಅಂದಮೇಲೆ ಎ ಸರಿ. ಎರಡನೆಯದೂ ಅನುಮಾನ, ತಂಗಿ ದುಡ್ಡೇ ಕೊಟ್ಟಿಲ್ಲವಲ್ಲ.

ಪಿಯು ಮೇಷ್ಟ್ರು

ಬೆಂಚಣ್ಣ, ಎರಡರಲ್ಲೂ ಕೀ ಸರಿ ಇದೆ. ಕೊಂಡವನ ಒಪ್ಪಿಗೆ ಪಡೆದು ಬಳಸುವವರೂ ಗ್ರಾಹಕರೇ ಅಂತ ವ್ಯಾಖ್ಯೆಯಲ್ಲೇ ಇದೆ. ದ್ವಿತೀಯ ಪಿಯುಸಿ ಮಕ್ಕಳೂ ಬರೆಯುತ್ತಾರೆ. ಹಣ ಪೂರ್ತಿ ಕೊಟ್ಟಿರಬೇಕಾಗಿಲ್ಲ. ಸ್ವಲ್ಪ ಕೊಟ್ಟು ಉಳಿದದ್ದು ಕೊಡುತ್ತೇನೆ ಅಂದರೂ ಸಾಕು, ಕಂತಿನ ಖರೀದಿಯೂ ಸಾಕು. ಹಾಗಾಗಿ ಒಂದನೇ ಪ್ರಶ್ನೆಯ ಡಿ ಮೊದಲೇ ಹೋಯಿತು.

ನಿಮ್ಮ ಸೂತ್ರದ ಎರಡನೇ ಅರ್ಧ ಅರ್ಧಕ್ಕೇ ನಿಂತಿದೆ. ಮಾರುವುದಕ್ಕೆ ಕೊಂಡವನು ಗ್ರಾಹಕನಲ್ಲ, ವಾಣಿಜ್ಯ ಉದ್ದೇಶಕ್ಕೆ ಕೊಂಡವನೂ ಅಲ್ಲ. ಆದರೆ ಅದರ ಕೆಳಗೇ ಒಂದು ವಿವರಣೆ ಇದೆ: ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕೆ ಮಾತ್ರ ಕೊಂಡು ತಾನೇ ಬಳಸಿದರೆ ಅದು ವಾಣಿಜ್ಯ ಉದ್ದೇಶ ಅಲ್ಲ. ಕೋಚಿಂಗ್ ಸೂತ್ರಗಳು ಸಾಮಾನ್ಯವಾಗಿ ಮುಗ್ಗರಿಸುವುದು ಈ ವಿವರಣೆಯ ಹತ್ತಿರವೇ.

ಎಫ್‌ಡಿಎ ಕನಸು

ಇದೇ ವಿಷಯ ಅಂತ ನನ್ನದೂ ಕೇಳುತ್ತೇನೆ. ಪರೀಕ್ಷೆಗೆ ಫೀಸ್ ಕಟ್ಟಿದ್ದೆ. ಹಾಲ್ ಟಿಕೆಟ್‌ನಲ್ಲಿ ಹೆಸರು ತಪ್ಪು ಬಂದು ಒಂದು ಪೇಪರ್ ಬರೆಯಲು ಬಿಡಲಿಲ್ಲ. ನಾನು ಹಣ ಕೊಟ್ಟ ಗ್ರಾಹಕ, ಅವರದು ನ್ಯೂನತೆ. ಎಷ್ಟು ಪರಿಹಾರ ಕೇಳಬಹುದು?

ಧಾರವಾಡದ ವಕೀಲ

ತಮ್ಮಾ, ಅಶ್ವಿನಿ ಕೇಳಿದ್ದು ಪರೀಕ್ಷೆಯಲ್ಲಿ ಬರುವ ಪ್ರಶ್ನೆ, ನೀನು ಕೇಳಿದ್ದು ಪರೀಕ್ಷೆಯ ಮೇಲಿನ ಪ್ರಶ್ನೆ. ಆದರೂ ಹೇಳುತ್ತೇನೆ, ಇದೂ ಎಂಸಿಕ್ಯೂನಲ್ಲಿ ಬರುತ್ತದೆ. ಬಿಹಾರದ ಶಾಲಾ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಒಂದೇ ರೋಲ್ ನಂಬರ್ ಇಬ್ಬರಿಗೆ ಹೋಗಿತ್ತು, ಹುಡುಗನ ಫಲಿತಾಂಶವೇ ಬರಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಪರೀಕ್ಷೆ ನಡೆಸುವುದು ಮಂಡಳಿಯ ಶಾಸನಬದ್ಧ ಕೆಲಸ, ಅದು ಸೇವೆ ಮಾರುವುದಲ್ಲ, ಫೀಸು ಆ ಸೇವೆಯ ಬೆಲೆಯೂ ಅಲ್ಲ. ಹಾಗಾಗಿ ಅಭ್ಯರ್ಥಿ ಗ್ರಾಹಕನಲ್ಲ. ತಪ್ಪು ನಡೆದಿಲ್ಲ ಅಂತ ಇದರ ಅರ್ಥ ಅಲ್ಲ. ಆ ತಪ್ಪನ್ನು ಕೇಳುವ ಜಾಗ ಗ್ರಾಹಕ ಆಯೋಗ ಅಲ್ಲ, ಅಷ್ಟೇ. ನಿನ್ನದು ಹೈಕೋರ್ಟ್ ರಿಟ್ ಕಡೆ ಹೋಗುವ ವಿಷಯ.

ಅಶ್ವಿನಿ, ಇಲ್ಲೇ ನಿಮ್ಮ ಗೊಂದಲದ ಬೇರು ಇದೆ ನೋಡಿ. ಪ್ರಶ್ನೆ ಬರೆಯುವವರು ಎರಡು ಬಾಗಿಲು ಇಟ್ಟಿರುತ್ತಾರೆ. ಮೊದಲನೆಯದರಲ್ಲಿ ಈತ ಗ್ರಾಹಕನೇ ಅಂತ ಕೇಳುತ್ತಾರೆ, ಎರಡನೆಯದರಲ್ಲಿ ಕೊಟ್ಟ ಸೇವೆಯಲ್ಲಿ ಕೊರತೆ ಇತ್ತೇ ಅಂತ. ಹಾಲ್ ಟಿಕೆಟ್ ಮೊದಲ ಬಾಗಿಲಲ್ಲೇ ನಿಂತಿತು. ರೈಲಿನ ಕಳವು ಎರಡನೆಯದರಲ್ಲಿ ನಿಂತಿತು. ನಷ್ಟ ಆಗಿದೆ ಅನ್ನುವುದನ್ನು ನೋಡಿದ ತಕ್ಷಣ ನಾವು ಎರಡನ್ನೂ ದಾಟಿಬಿಡುತ್ತೇವೆ. ಆಯ್ಕೆಗಳು ಬಲೆ ಬೀಸುವುದೂ ಅಲ್ಲೇ.

ತುಮಕೂರಿನ ಅಶ್ವಿನಿ

ಸರ್, ಹಾಗಾದರೆ ಮೂರನೆಯದು ಸ್ವಲ್ಪ ಬಿಡಿಸಿ ಹೇಳಿ. ರೈಲು ತಡವಾದರೆ ಪರಿಹಾರ ಕೊಡಿಸಿದ್ದಾರೆ ಅಂತ ಎಲ್ಲೋ ಓದಿದ ನೆನಪು. ಕಳವಾದರೆ ಯಾಕಿಲ್ಲ?

ಧಾರವಾಡದ ವಕೀಲ

ಎರಡೂ ನಿಜವಾದ ತೀರ್ಪುಗಳೇ. ಪಕ್ಕಪಕ್ಕ ಇಟ್ಟು ಓದಿದರೆ ನ್ಯೂನತೆ ಅಂದರೇನು ಅಂತ ಸರಿಯಾಗಿ ಕಾಣುತ್ತದೆ.

2021ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿದ್ದು ಅಜ್ಮೇರ್–ಜಮ್ಮು ರೈಲಿನ ವಿಷಯ. ರೈಲು ನಾಲ್ಕು ಗಂಟೆ ತಡ. ಕುಟುಂಬಕ್ಕೆ ಜಮ್ಮುವಿನಿಂದ ಶ್ರೀನಗರದ ವಿಮಾನ ತಪ್ಪಿತು. 15,000 ರೂಪಾಯಿ ಕೊಟ್ಟು ಟ್ಯಾಕ್ಸಿಯಲ್ಲಿ ಹೋದರು. ಹೇಳಿದ ಹೊತ್ತಿಗೆ ತಲುಪಿಸುವುದು ರೈಲ್ವೆ ಒಪ್ಪಿಕೊಂಡ ಕೆಲಸ. ತಡವಾದದ್ದು ತನ್ನ ಕೈಮೀರಿದ ಕಾರಣದಿಂದ ಅಂತ ತೋರಿಸುವ ಹೊಣೆ ರೈಲ್ವೆಯದೇ. ಯಾವ ಕಾರಣವನ್ನೂ ಅದು ತೋರಿಸಲಿಲ್ಲ. ಹಾಗಾಗಿ ನ್ಯೂನತೆ.

2023ರ ಪ್ರಕರಣದಲ್ಲಿ ಬಟ್ಟೆ ವ್ಯಾಪಾರಿಯೊಬ್ಬರು ಸೊಂಟದ ಬೆಲ್ಟಿನಲ್ಲಿ ಒಂದು ಲಕ್ಷ ಕಟ್ಟಿಕೊಂಡು ಮಲಗಿದ್ದರು. ಬೆಳಿಗ್ಗೆ ಎದ್ದರೆ ಹಣ ಇಲ್ಲ. ಕೆಳಗಿನ ಆಯೋಗಗಳು ಹಣ ಕೊಡಿ ಅಂದಿದ್ದವು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮೈಮೇಲಿನ ಹಣವನ್ನು ಪ್ರಯಾಣಿಕನೇ ಕಾಯ್ದುಕೊಳ್ಳಲು ಆಗಲಿಲ್ಲ ಅಂದಮೇಲೆ ರೈಲ್ವೆ ಹೊಣೆ ಅಲ್ಲ ಅಂದಿತು. ಆತನ ಹಣ ಕಾಯುತ್ತೇನೆ ಅಂತ ರೈಲ್ವೆ ಒಪ್ಪಿಕೊಂಡಿರಲಿಲ್ಲ.

ಕಾಯ್ದೆಯ ಮಾತನ್ನೇ ನೋಡಿ. ಕಾನೂನು ಇಂಥ ಮಟ್ಟದಲ್ಲಿ ಮಾಡಬೇಕು ಅಂತ ಹೇಳಿರಬೇಕು, ಇಲ್ಲವೇ ಕೊಡುವವನು ಮಾಡುತ್ತೇನೆ ಅಂತ ಒಪ್ಪಿರಬೇಕು. ಆ ಅಳತೆಗೆ ಕೆಲಸ ಕಮ್ಮಿ ಬಿದ್ದರೆ ನ್ಯೂನತೆ. ಅಳತೆಯೇ ಇಲ್ಲದ ಕಡೆ ಕಮ್ಮಿ ಅನ್ನುವುದು ಹೇಗೆ?

ಮೂರನೇ ಬೆಂಚ್

ಅಂದರೆ ರೈಲಿನಲ್ಲಿ ಏನೇ ಕಳವಾದರೂ ನ್ಯೂನತೆ ಅಲ್ಲ ಅಂತ ನೆನಪಿಟ್ಟುಕೊಳ್ಳಬಹುದಾ?

ಧಾರವಾಡದ ವಕೀಲ

ಬೇಡ. ರೈಲ್ವೆ ಕಾಯ್ದೆಯ ಕಲಂ 100 ಹೇಳುವುದು, ಪ್ರಯಾಣಿಕ ತಾನೇ ಒಯ್ಯುವ ಸಾಮಾನು ಹೋದರೆ ರೈಲ್ವೆ ಸಿಬ್ಬಂದಿಯ ನಿರ್ಲಕ್ಷ್ಯ ಸಾಬೀತಾಗಬೇಕು ಅಂತ. ರಿಸರ್ವೇಶನ್ ಬೋಗಿಗೆ ಟಿಕೆಟ್ ಇಲ್ಲದವರನ್ನು ಬಿಟ್ಟುಕೊಂಡಿದ್ದರು ಅಂತ ತೋರಿಸಿದರೆ ಕಥೆ ಬೇರೆ. ಆಯೋಗಗಳು ಅಂಥ ಕಡೆ ನ್ಯೂನತೆ ಅಂದಿರುವುದುಂಟು. ಪ್ರಶ್ನೆಯಲ್ಲಿ ಸಿಬ್ಬಂದಿ, ಅನಧಿಕೃತ ಜನ ಇಂಥ ಮಾತು ಬಂದರೆ ನಿಲ್ಲಿ, ಮತ್ತೆ ಓದಿ.

ಪಿಯು ಮೇಷ್ಟ್ರು

ನಾಲ್ಕನೆಯದಕ್ಕೆ ಒಂದು ಮಾತು ಸೇರಿಸುತ್ತೇನೆ. ವಸ್ತುವಿಗೆ ದೋಷ, ಸೇವೆಗೆ ನ್ಯೂನತೆ. ಕಾಯ್ದೆಯಲ್ಲಿ ಎರಡಕ್ಕೂ ಬೇರೆ ಬೇರೆ ವ್ಯಾಖ್ಯೆ ಇದೆ, 2(10) ಮತ್ತು 2(11). ಅದಕ್ಕೇ ಡಿ ಹೊರಗೆ. ಬಿ ಆಯ್ಕೆಯಲ್ಲಿರುವ ಮಾಹಿತಿ ಮುಚ್ಚಿಡುವುದು 2019ರ ಕಾಯ್ದೆಯಲ್ಲಿ ಹೊಸದಾಗಿ ಸೇರಿದ್ದು. 1986ರ ಕಾಯ್ದೆ ಇಟ್ಟುಕೊಂಡು ಬರೆದ ಹಳೇ ಗೈಡುಗಳಲ್ಲಿ ಇದು ಸಿಗುವುದಿಲ್ಲ. ಗೈಡಿನಲ್ಲಿ ಗ್ರಾಹಕನ ವ್ಯಾಖ್ಯೆಗೆ 2(1)(ಡಿ) ಅಂತ ಇದ್ದರೆ ಅದು ಹಳೇದು ಅಂತ ತಿಳಿಯಿರಿ. ಈಗಿನದು 2(7).

ಕಸೂತಿ ಸರೋಜಾ, ಗದಗ

ಒಂದನೇ ಪ್ರಶ್ನೆ ಓದಿ ನನ್ನ ಬಗ್ಗೆಯೇ ಬರೆದಿದ್ದಾರೇನೋ ಅನ್ನಿಸಿತು. ನನಗೆ ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ ರೀ. ಮನೆಯಲ್ಲೇ ಬ್ಲೌಸ್ ಕಸೂತಿ ಮಾಡುತ್ತೇನೆ. 3,60,000 ರೂಪಾಯಿಯ ಕಂಪ್ಯೂಟರ್ ಕಸೂತಿ ಮಷೀನ್ ಬ್ಯಾಂಕ್ ಸಾಲದಲ್ಲಿ ತಗೊಂಡೆವು. ಬಿಲ್ ನಮ್ಮ ಯಜಮಾನರ ಹೆಸರಿನಲ್ಲಿದೆ, ಅವರಿಗೆ ಸಂಬಳದ ನೌಕರಿ. ಮಷೀನ್ ನಡೆಸುವವಳು ನಾನು. ದಾರ ಕತ್ತರಿಸಲು ಒಬ್ಬ ಹುಡುಗಿ ಬರುತ್ತಾಳೆ.

ಶುರುವಿನಿಂದಲೂ ಸೂಜಿ ಬದಲಾಗುವ ಹೊತ್ತಿಗೆ ಹೆಡ್ ನಿಲ್ಲುತ್ತದೆ, ಡಿಸೈನ್ ಅರ್ಧಕ್ಕೆ ಜರಗುತ್ತದೆ. ವಾರಂಟಿಯಲ್ಲಿ ಬಂದು ನೋಡಿದರು, ಸರಿಹೋಗಲಿಲ್ಲ. ವಾರಂಟಿ ಮುಗಿದ ಮೇಲೆ 22,000 ಕಟ್ಟಿಸಿಕೊಂಡು ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ಮಾಡಿಸಿದರು. ಆಮೇಲೆ ಫೋನ್ ಮಾಡಿದರೆ ಬೋರ್ಡ್ ಸಿಗುತ್ತಿಲ್ಲ, ಆ ಮಾಡೆಲ್ ನಿಂತಿದೆ ಅಂತಾರೆ. ಎಎಂಸಿ ಮಾಡಿಸುವಾಗ ಈ ಮಾತು ಬರಲಿಲ್ಲ. ಮದುವೆ ಸೀಸನ್ ಪೂರ್ತಿ ಹೋಯಿತು. ನಾನು ಕೇಸ್ ಹಾಕಿದರೆ ನೀವು ವ್ಯಾಪಾರಿ ಅಂತ ಹೊರಗೆ ಕಳಿಸುತ್ತಾರಾ?

ಧಾರವಾಡದ ವಕೀಲ

ಅಕ್ಕಾ, ನಿಮ್ಮದು ಅಶ್ವಿನಿಯವರ ಪ್ರಶ್ನೆಗಿಂತ ಎರಡು ಗಂಟು ಜಾಸ್ತಿ ಇದೆ. ಒಂದೊಂದಾಗಿ ಬಿಚ್ಚೋಣ.

ಸಹಾಯಕ್ಕೆ ಹುಡುಗಿ ಇದ್ದಾಳೆ ಅನ್ನುವುದರಿಂದ ತೊಂದರೆ ಇಲ್ಲ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಟೋ, ಲಾರಿ, ಲೇತ್ ಮಷೀನ್ ಉದಾಹರಣೆ ಕೊಟ್ಟಿದೆ. ತಾನೇ ಓಡಿಸಿ ದುಡಿಯಲು ಆಟೋ ಕೊಂಡವನು ಗ್ರಾಹಕ. ಒಬ್ಬಿಬ್ಬರ ಸಹಾಯ ಪಡೆದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಕೊಂಡು ಬೇರೆಯವರ ಕೈಗೆ ನಡೆಸಲು ಕೊಟ್ಟರೆ ತಪ್ಪುತ್ತದೆ. ಅಶ್ವಿನಿ, ನಿಮ್ಮ ಸಿ ಆಯ್ಕೆ ತಪ್ಪಾಗುವುದು ಇದೇ ಕಾರಣಕ್ಕೆ.

ಬಿಲ್ ಯಜಮಾನರ ಹೆಸರಿನಲ್ಲಿದೆ ಅನ್ನುವುದು ಮೊದಲ ಗಂಟು. 1996ರಲ್ಲಿ ಇಟ್ಟಿಗೆ ಮಾಡುವ ಮಷೀನಿನ ಪ್ರಕರಣ ಬಂತು. ಸ್ವಯಂ ಉದ್ಯೋಗ ಅಂದರೆ ತಾನೇ ದುಡಿಯುವುದು, ತಾನು ಅಂದರೆ ಮನೆಯವರೂ ಸೇರಿ ಅಂತ ಕೋರ್ಟ್ ಹೇಳಿತು. ಎಷ್ಟು ಆಳು ಇಟ್ಟಿದ್ದಾರೆ ಅನ್ನುವುದು ಸಾಕ್ಷ್ಯದ ಮಾತು ಅಂತಲೂ ಹೇಳಿತು. ಹಾಗಾಗಿ ಕೊಂಡವರು ಗಂಡ, ನಡೆಸುವವರು ಹೆಂಡತಿ ಅಂದರೆ ದಾರಿ ಮುಚ್ಚುವುದಿಲ್ಲ. ಇಬ್ಬರೂ ಸೇರಿ ದೂರು ಕೊಡಿ.

ಪಿಯು ಮೇಷ್ಟ್ರು

ಇಲ್ಲಿ ನನಗೆ ಅಷ್ಟು ಧೈರ್ಯ ಇಲ್ಲ ವಕೀಲರೇ. ಕೊಂಡವರಿಗೆ ಸಂಬಳ ಬರುತ್ತಿದೆ. ಅವರ ಜೀವನೋಪಾಯ ಆ ಮಷೀನ್ ಅಲ್ಲವಲ್ಲ. ಕಾಯ್ದೆಯಲ್ಲಿ 'ಮಾತ್ರ' ಅನ್ನುವ ಪದ ಇದೆ. ಎದುರಿನವರು ಇದನ್ನೇ ಹಿಡಿಯುತ್ತಾರೆ.

ಧಾರವಾಡದ ವಕೀಲ

ಹಿಡಿಯುತ್ತಾರೆ, ಖಂಡಿತ. ನಾನು ಎದುರು ಪಕ್ಷದ ವಕೀಲನಾಗಿದ್ದರೆ ನಾನೂ ಅದನ್ನೇ ಹಿಡಿಯುತ್ತಿದ್ದೆ. ಸರೋಜಕ್ಕನ ಜೀವನೋಪಾಯ ಅದು, ಗಂಡನ ಒಪ್ಪಿಗೆಯಿಂದ ಬಳಸುವವರು ಅವರು ಅಂತ ನಾವು ವಾದಿಸಬೇಕು. ಗೆಲ್ಲುವ ವಾದ ಅಂತ ನನ್ನ ಲೆಕ್ಕ. ಆದರೆ ಕಲ್ಲಿನಲ್ಲಿ ಕೊರೆದಿಟ್ಟ ಉತ್ತರ ಅಲ್ಲ, ಒಪ್ಪುತ್ತೇನೆ.

ಯಾರು ಸಾಬೀತು ಮಾಡಬೇಕು ಅನ್ನುವುದು 2024ರ ಒಂದು ಚಿಟ್ ಫಂಡ್ ಪ್ರಕರಣದಲ್ಲಿ ಸ್ಪಷ್ಟವಾಗಿದೆ. ಹಣ ಕೊಟ್ಟು ತಗೊಂಡೆ ಅಂತ ನೀವು ತೋರಿಸಬೇಕು. ಇದು ವಾಣಿಜ್ಯ ಉದ್ದೇಶ ಅಂತ ಅವರು ತೋರಿಸಬೇಕು. ಅವರು ತೋರಿಸಿದ ಮೇಲೆ, ಹೊಟ್ಟೆಪಾಡಿಗೆ ಅಂತ ಮತ್ತೆ ನೀವು ತೋರಿಸಬೇಕು. ಪರೀಕ್ಷೆಯಲ್ಲಿ ಹೊಣೆ ಯಾರ ಮೇಲೆ ಅಂತ ಕೇಳಿದರೆ, ಯಾವ ಹಂತದ ಬಗ್ಗೆ ಕೇಳಿದ್ದಾರೆ ಅಂತ ನೋಡಿ ಉತ್ತರಿಸಿ.

ಸರೋಜಕ್ಕ, ಹೊಟ್ಟೆಪಾಡಿಗೆ ಸ್ವಯಂ ಉದ್ಯೋಗ ಅನ್ನುವ ಮಾತು ದೂರಿನಲ್ಲೇ ಇರಬೇಕು. ಎದುರಿನವರು ಆಕ್ಷೇಪ ಎತ್ತಿದ ಮೇಲೆ ಸೇರಿಸಿದರೆ ಈಗ ಕಟ್ಟಿದ ಕಥೆ ಅಂತಾರೆ. ಆರ್ಡರ್ ಬರೆದಿಡುವ ಪುಸ್ತಕ, ಹುಡುಗಿಗೆ ಕೊಟ್ಟ ಕೂಲಿಯ ಲೆಕ್ಕ, ಸಾಲದ ಕಾಗದ ಎಲ್ಲ ಇಟ್ಟುಕೊಳ್ಳಿ.

ಮೂರನೇ ಬೆಂಚ್

ಒಬ್ಬಿಬ್ಬರು ಸಹಾಯಕರು ಓಕೆ ಅಂದಿರಿ. ಮೂವರಾದರೆ? ಐವರಾದರೆ? ಎಂಸಿಕ್ಯೂಗೆ ಒಂದು ಸಂಖ್ಯೆ ಬೇಕಲ್ಲ.

ಧಾರವಾಡದ ವಕೀಲ

ಸಂಖ್ಯೆ ಇಲ್ಲ. ಕಾಯ್ದೆಯಲ್ಲೂ ಇಲ್ಲ. ಸಂಖ್ಯೆ ಕೊಟ್ಟ ಆಯ್ಕೆ ಕಂಡರೆ ಅನುಮಾನಪಡಿ. ಮಷೀನ್ ನಡೆಸುವವರು ಯಾರು ಅನ್ನುವುದು ಮುಖ್ಯ. ಎರಡು ಮಷೀನ್ ಇದ್ದು ಎರಡರ ಮುಂದೂ ಸಂಬಳದ ಆಳು ಕೂತಿದ್ದರೆ, ಮಾಲೀಕರು ಬರೀ ಲೆಕ್ಕ ನೋಡುತ್ತಿದ್ದರೆ, ಸ್ವಯಂ ಉದ್ಯೋಗ ಅನ್ನುವುದು ಕಷ್ಟ.

ತುಮಕೂರಿನ ಅಶ್ವಿನಿ

ಸರೋಜಕ್ಕನ ಕಥೆಯಲ್ಲಿ ದೋಷ ಯಾವುದು, ನ್ಯೂನತೆ ಯಾವುದು ಅಂತ ನಾನೇ ಹೇಳಿ ನೋಡುತ್ತೇನೆ. ಹೆಡ್ ನಿಲ್ಲುವುದು, ಡಿಸೈನ್ ಜರಗುವುದು ವಸ್ತುವಿನ ದೋಷ. ಎಎಂಸಿ ತಗೊಂಡು ಬರದೇ ಇರುವುದು ಸೇವಾ ನ್ಯೂನತೆ. ಬೋರ್ಡ್ ಸಿಗುವುದಿಲ್ಲ ಅಂತ ಗೊತ್ತಿದ್ದೂ ಎಎಂಸಿ ಮಾರಿದ್ದರೆ ಮಾಹಿತಿ ಮುಚ್ಚಿಟ್ಟಿದ್ದು. ಸರಿನಾ ಸರ್?

ಧಾರವಾಡದ ವಕೀಲ

ಸರಿ. ಕೊನೆಯದರಲ್ಲಿ 'ಗೊತ್ತಿದ್ದೂ' ಅನ್ನುವುದರ ಮೇಲೆ ಭಾರ ಇದೆ. ಕಾಯ್ದೆ ಹೇಳುವುದು ಬೇಕೆಂದೇ ಮುಚ್ಚಿಡುವುದು ಅಂತ. ಮಾಡೆಲ್ ನಿಂತ ತಾರೀಖು, ಎಎಂಸಿ ರಸೀದಿಯ ತಾರೀಖು ಎರಡೂ ಎದುರುಬದುರು ಇಟ್ಟರೆ ಉತ್ತರ ಸಿಗುತ್ತದೆ. ಮಾಡೆಲ್ ಮೊದಲೇ ನಿಂತಿದ್ದರೆ ನಮಗೆ ಬಲ. ಆಮೇಲೆ ನಿಂತಿದ್ದರೆ ಬರೀ ಸೇವೆ ಕೊಡಲಿಲ್ಲ ಅನ್ನುವ ದೂರು ಉಳಿಯುತ್ತದೆ.

ಎರಡನೇ ಗಂಟು ಈಗ. 2003ರ ಮಾರ್ಚ್‌ನಿಂದ ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯೂ ಹೊರಗೆ ಹೋಯಿತು. ಹಾಗೆ ಹೊರಗೆ ಹಾಕಿದಾಗ ಹೊಟ್ಟೆಪಾಡಿನ ವಿನಾಯಿತಿಯನ್ನು ವಸ್ತುವಿಗೂ ಸೇವೆಗೂ ಎರಡಕ್ಕೂ ಕೊಟ್ಟಿದ್ದರು. 2019ರ ಕಾಯ್ದೆಯ ವಿವರಣೆ ಓದಿ ನೋಡಿ. ಅಲ್ಲಿ ಕೊಂಡ ವಸ್ತುಗಳ ಮಾತು ಮಾತ್ರ ಇದೆ, ಸೇವೆಯ ಮಾತು ಬಿಟ್ಟುಹೋಗಿದೆ. ಬೇಕೆಂದೇ ಬಿಟ್ಟರೋ, ಕೈತಪ್ಪಿ ಬಿಟ್ಟರೋ, ಓದುವವನಿಗೆ ತಲೆನೋವು.

ಪಿಯು ಮೇಷ್ಟ್ರು

ಇದನ್ನು ನಾನು ಗಮನಿಸಿಯೇ ಇರಲಿಲ್ಲ, ಈಗ ತೆಗೆದು ನೋಡಿದೆ. ಹೌದು. ಹಾಗಾದರೆ ಮಷೀನಿಗೆ ಆಕೆ ಗ್ರಾಹಕಳು, ಅದೇ ಮಷೀನಿನ ಎಎಂಸಿಗೆ ಅಲ್ಲ ಅಂತಾಗುತ್ತದಲ್ಲ? ಇದೆಂಥ ನ್ಯಾಯ?

ಧಾರವಾಡದ ವಕೀಲ

ಅಕ್ಷರಕ್ಕೆ ಅಂಟಿಕೊಂಡರೆ ಹಾಗೇ ಆಗುತ್ತದೆ. ಆದರೆ ಇನ್ನೊಂದು ದಾರಿ ಇದೆ. ವಾಣಿಜ್ಯ ಉದ್ದೇಶ ಅಂದರೇನು ಅಂತ 2019ರ ಲೀಲಾವತಿ ಆಸ್ಪತ್ರೆ ಟ್ರಸ್ಟ್ ಪ್ರಕರಣದಲ್ಲಿ ಹೇಳಿದ್ದಾರೆ. ಟ್ರಸ್ಟ್ ತನ್ನ ನರ್ಸುಗಳು ಇರಲಿ ಅಂತ ಫ್ಲ್ಯಾಟ್‌ಗಳನ್ನು ಕೊಂಡಿತ್ತು. ಕೊಂಡದ್ದಕ್ಕೂ ಲಾಭ ಹುಟ್ಟುವ ಕೆಲಸಕ್ಕೂ ನೇರ, ಹತ್ತಿರದ ನಂಟು ಇದೆಯೇ ಅಂತ ನೋಡಿ, ಇಲ್ಲ ಅಂದರು. ಸಣ್ಣ ಕಸೂತಿಗಾರ್ತಿಯ ಎಎಂಸಿ ವಾಣಿಜ್ಯ ಉದ್ದೇಶದ್ದೇ ಅಲ್ಲ ಅಂತ ಅಲ್ಲಿಂದ ವಾದ ಕಟ್ಟಬಹುದು. ಸುಲಭ ಅಂತ ಹೇಳುವುದಿಲ್ಲ. ಕಸೂತಿ ಮಷೀನಿನಿಂದಲೇ ದುಡ್ಡು ಹುಟ್ಟುವುದು, ನಂಟು ನೇರವಾಗಿಯೇ ಇದೆ ಅಂತ ಅವರು ಅನ್ನುತ್ತಾರೆ.

ಅದಕ್ಕೇ ಸರೋಜಕ್ಕ, ಎಎಂಸಿ ಒಂದನ್ನೇ ಹಿಡಿದು ದೂರು ಕೊಡಬೇಡಿ. ಮಷೀನಿನ ದೋಷವನ್ನೇ ಮುಂದಿಡಿ, ವಾರಂಟಿಯಲ್ಲೇ ಶುರುವಾಗಿ ಇವತ್ತಿನವರೆಗೂ ಹೋಗಿಲ್ಲ ಅಂತ ಬರೆಯಿರಿ, ಅದರ ಬೆನ್ನಿಗೆ ಎಎಂಸಿ ಬರಲಿ. ವಾರಂಟಿ ಯಾವಾಗ ಮುಗಿಯಿತು?

ಕಸೂತಿ ಸರೋಜಾ, ಗದಗ

ಹೋದ ವರ್ಷ ದೀಪಾವಳಿ ಹೊತ್ತಿಗೆ. ವಾರಂಟಿಯಲ್ಲಿ ಬಂದಾಗ ಕೊಟ್ಟ ಹಳದಿ ಚೀಟಿಗಳಿವೆ. 'ಹೆಡ್ ಅಡ್ಜಸ್ಟ್ ಮಾಡಲಾಗಿದೆ' ಅಂತ ಬರೆದು ನನ್ನ ಸಹಿ ಹಾಕಿಸಿಕೊಂಡಿದ್ದಾರೆ.

ಧಾರವಾಡದ ವಕೀಲ

ಆ ಚೀಟಿಗಳೇ ನಿಮ್ಮ ಕೇಸು. ಜೋಪಾನ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಕೈ ಹಾಕಿದ್ದಾರೆ ಅಂತ ಅವರ ಕೈಬರಹದಲ್ಲೇ ಇದೆ. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶ, ತಡ ಮಾಡಬೇಡಿ. ಈಗ ನಿಮ್ಮ ಜಿಲ್ಲೆಯಲ್ಲೇ ಕೊಡಬಹುದು, ಕಂಪನಿ ಇರುವ ಊರಿಗೆ ಹೋಗಬೇಕಾಗಿಲ್ಲ.

ಎಫ್‌ಡಿಎ ಕನಸು

ನನ್ನ ಹಾಲ್ ಟಿಕೆಟ್ ವಿಷಯ ಮುಗಿದೇ ಹೋಯಿತಾ? ಕೋಚಿಂಗ್ ಸೆಂಟರ್ ಮೇಲಾದರೂ ಹಾಕಬಹುದಾ? ಅರ್ಜಿ ತುಂಬಿದವರು ಅವರೇ, 500 ರೂಪಾಯಿ ತಗೊಂಡಿದ್ದರು, ರಸೀದಿಯೂ ಇದೆ. ಹೆಸರು ತಪ್ಪು ಟೈಪ್ ಮಾಡಿದ್ದು ಅವರೇ.

ಪಿಯು ಮೇಷ್ಟ್ರು

ಅದನ್ನು ಮೊದಲೇ ಹೇಳಬಾರದಾ ಮಾರಾಯ! ಹಣ ಕೊಟ್ಟೆ, ಅರ್ಜಿ ಸರಿಯಾಗಿ ತುಂಬುತ್ತೇವೆ ಅಂತ ಒಪ್ಪಿಕೊಂಡರು, ತಪ್ಪು ತುಂಬಿದರು. ಎರಡೂ ಬಾಗಿಲು ತೆರೆದಿದೆ ಅನ್ನಿಸುತ್ತದೆ.

ಮೂರನೇ ಬೆಂಚ್

ಅರ್ಜಿ ಸಲ್ಲಿಸುವ ಮೊದಲು ಇವನೇ ಪ್ರಿಂಟ್ ನೋಡಿ ಸರಿ ಅಂದಿದ್ದರೆ?

ಎಫ್‌ಡಿಎ ಕನಸು

ನೋಡಿದ್ದೆ. ಮೊಬೈಲಿನಲ್ಲಿ ತೋರಿಸಿದರು, ಅವಸರದಲ್ಲಿದ್ದೆ.

ಧಾರವಾಡದ ವಕೀಲ

ಹಾಗಾದರೆ ಒಂದು ಬಾಗಿಲು ಅರ್ಧ ಮುಚ್ಚಿತು ತಮ್ಮಾ. ರಸೀದಿಯಲ್ಲಿ ಏನಕ್ಕೆ ಹಣ ಅಂತ ಬರೆದಿದ್ದಾರೆ? ನಿನ್ನ ಹೆಸರು, ನಂಬರು ಮುಚ್ಚಿ ಅದರ ಫೋಟೋ ಇಲ್ಲಿ ಹಾಕು, ನೋಡಿ ಹೇಳುತ್ತೇನೆ.